ಬೇಳೆ-ಅನ್ನದ ಬಲದ ಮೇಲೆ ವಾರಕ್ಕೆ 90 ಕಿಲೋಮೀಟರ್: ಪ್ರೋಟೀನಿಗೆ ಯಾವ ದಾರಿ, ಕಬ್ಬಿಣಾಂಶಕ್ಕೆ ಯಾವ ದಾರಿ?

ದೂರದ ಓಟಕ್ಕೆ ತಯಾರಿ ನಡೆಸುತ್ತಾ ವಾರದ ಓಟವನ್ನು 80, 90, 100 ಕಿಲೋಮೀಟರಿಗೆ ಏರಿಸಿದವರು, ಅದರಲ್ಲೂ ಅನ್ನ ಮತ್ತು ಬೇಳೆಯನ್ನೇ ಮುಖ್ಯ ಆಹಾರವಾಗಿ ಉಳ್ಳವರು, ಮತ್ತೆ ಮತ್ತೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಬೇಳೆಯನ್ನು ಹೆಚ್ಚಿಸಬೇಕೇ, ಹಾಲು-ಮೊಟ್ಟೆಯನ್ನು ಸೇರಿಸಬೇಕೇ, ಸೋಯಾ ತಿನ್ನಬೇಕೇ, ಪ್ರೋಟೀನ್ ಪುಡಿ ಕೊಳ್ಳಬೇಕೇ, ಅಥವಾ ಕಬ್ಬಿಣಾಂಶದ ಮಾತ್ರೆಯನ್ನು ನುಂಗಿ ನಿಶ್ಚಿಂತರಾಗಬೇಕೇ? ಈ ಪ್ರಶ್ನೆಗೆ ಉತ್ತರ ಸಿಗದೆ ಗೊಂದಲವಾಗುವುದಕ್ಕೆ ಮುಖ್ಯ ಕಾರಣ, ಇದರಲ್ಲಿ ಬೇರೆ ಬೇರೆ ಸ್ವಭಾವದ ಎರಡು ಪ್ರಶ್ನೆಗಳು ಬೆರೆತಿರುವುದು. ಪ್ರೋಟೀನಿನ ಕೊರತೆ ಬಹುಪಾಲು ಪ್ರಮಾಣದ ಕೊರತೆ. ತಟ್ಟೆಯಲ್ಲಿ ಬಿದ್ದದ್ದು ಸಾಲದೆ ಹೋಗಿರುತ್ತದೆ. ಕಬ್ಬಿಣಾಂಶದ ಕೊರತೆ ಬಹುಪಾಲು ಹೀರಿಕೆಯ ಕೊರತೆ. ತಟ್ಟೆಯಲ್ಲಿ ಇದ್ದದ್ದು ರಕ್ತಕ್ಕೆ ತಲುಪಿರುವುದಿಲ್ಲ. ಮೊದಲನೆಯದಕ್ಕೆ ಒಗ್ಗುವ ಪರಿಹಾರ ಎರಡನೆಯದಕ್ಕೆ ಒಗ್ಗದಿರಬಹುದು, ಕೆಲವು ಸಲ ಅಡ್ಡಿಯೂ ಆಗಬಹುದು. ಆದ್ದರಿಂದ ಇಲ್ಲಿ ಎರಡನ್ನೂ ಬೇರೆ ಬೇರೆಯಾಗಿ ತೂಗಿ, ಕೊನೆಗೆ ಒಂದೇ ದಿನದ ಊಟದಲ್ಲಿ ಕೂಡಿಸಲು ಪ್ರಯತ್ನಿಸಿದ್ದೇನೆ.

ಮೊದಲು ಅಳತೆಗೋಲು

ಯಾವ ಆಯ್ಕೆಯನ್ನೇ ಆಗಲಿ ನಾನು ನಾಲ್ಕು ವಿಷಯಗಳಿಂದ ಅಳೆಯುತ್ತೇನೆ. ಹೊಟ್ಟೆಯಲ್ಲಿ ಅದು ಎಷ್ಟು ಜಾಗ ಹಿಡಿಯುತ್ತದೆ, ಅದರೊಂದಿಗೆ ಎಷ್ಟು ನಾರು ಬರುತ್ತದೆ ಎಂಬುದು ಮೊದಲನೆಯದು. ಮರುದಿನ ಬೆಳಿಗ್ಗೆ ಎರಡು ಗಂಟೆ ಓಡಬೇಕಾದವರಿಗೆ ಇದು ಸಣ್ಣ ಮಾತಲ್ಲ. ಅದರಿಂದ ನಿಜವಾಗಿ ಎಷ್ಟು ಪ್ರೋಟೀನ್ ಸಿಗುತ್ತದೆ ಎಂಬುದು ಎರಡನೆಯದು. ಕಬ್ಬಿಣಾಂಶದ ಹೀರಿಕೆಗೆ ಅದು ನೆರವಾಗುತ್ತದೆಯೋ, ಅಡ್ಡ ಬರುತ್ತದೆಯೋ, ಎರಡೂ ಅಲ್ಲವೋ ಎಂಬುದು ಮೂರನೆಯದು. ವರ್ಷವಿಡೀ ನಡೆಸಿಕೊಂಡು ಹೋಗಬಹುದಾದ ಖರ್ಚು ಮತ್ತು ಶ್ರಮವೇ ಎಂಬುದು ನಾಲ್ಕನೆಯದು.

ಇವೆಲ್ಲಕ್ಕೂ ಮೊದಲು ಬರುವ ಮಾತೊಂದಿದೆ. ಒಟ್ಟು ಆಹಾರದ ಶಕ್ತಿಯೇ ಸಾಲದಿದ್ದರೆ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಓಟದ ಖರ್ಚು ಸುಮಾರಾಗಿ ಒಂದು ಕಿಲೋಮೀಟರಿಗೆ, ಒಂದು ಕೆ.ಜಿ. ದೇಹತೂಕಕ್ಕೆ, ಒಂದು ಕಿಲೋಕ್ಯಾಲರಿ. 55 ಕೆ.ಜಿ. ತೂಕದವರು ವಾರಕ್ಕೆ 90 ಕಿಲೋಮೀಟರ್ ಓಡಿದರೆ ದಿನಕ್ಕೆ ಸುಮಾರು 700 ಕಿಲೋಕ್ಯಾಲರಿ ಓಟಕ್ಕೇ ಹೋಗುತ್ತದೆ. ಇದನ್ನು ತುಂಬಿಕೊಳ್ಳದಿದ್ದರೆ ದೇಹ ತಿಂದ ಪ್ರೋಟೀನನ್ನೂ ಇಂಧನವಾಗಿ ಸುಡುತ್ತದೆ. ತೂಕ ತಾನಾಗಿ ಇಳಿಯುತ್ತಿದ್ದರೆ, ಮುಟ್ಟು ತಪ್ಪುತ್ತಿದ್ದರೆ ಅಥವಾ ನಿಂತಿದ್ದರೆ, ಪ್ರೋಟೀನ್ ಪುಡಿಯನ್ನು ಹುಡುಕುವ ಮೊದಲು ಊಟದ ಪ್ರಮಾಣವನ್ನು ಹೆಚ್ಚಿಸಬೇಕು ಮತ್ತು ವೈದ್ಯರನ್ನು ಕಾಣಬೇಕು.

ಒಬ್ಬ ಓಟಗಾರ್ತಿಯ ಲೆಕ್ಕ

ಅಂಕಿಗಳು ಗಾಳಿಯಲ್ಲಿ ತೇಲದಿರಲೆಂದು ಒಂದು ಮಾದರಿಯನ್ನು ಕೊನೆಯವರೆಗೂ ಹಿಡಿದು ಹೋಗೋಣ. 55 ಕೆ.ಜಿ. ತೂಕದ, ವಾರಕ್ಕೆ 90 ಕಿಲೋಮೀಟರ್ ಓಡುವ, ನಿಯಮಿತವಾಗಿ ಮುಟ್ಟಾಗುವ ಮಹಿಳೆಯೊಬ್ಬರು ದಿನಕ್ಕೆ 350 ಗ್ರಾಂ ಅಕ್ಕಿ, 75 ಗ್ರಾಂ ಬೇಳೆ, 300 ಮಿಲಿ ಹಾಲು ಅಥವಾ ಮೊಸರು, ಜೊತೆಗೆ ತರಕಾರಿ, ಹಣ್ಣು, ಎಣ್ಣೆಯನ್ನು ಬಳಸುತ್ತಾರೆ ಎಂದುಕೊಳ್ಳಿ. ಅಕ್ಕಿ-ಬೇಳೆಯ ತೂಕವೆಲ್ಲ ಬೇಯಿಸುವ ಮೊದಲಿನದು.

ಒಣ ಬೇಳೆಯ 100 ಗ್ರಾಮಿನಲ್ಲಿ ಸುಮಾರು 24 ಗ್ರಾಂ, ಅಕ್ಕಿಯ 100 ಗ್ರಾಮಿನಲ್ಲಿ ಸುಮಾರು 7 ಗ್ರಾಂ, ಹಾಲಿನ 100 ಮಿಲಿಯಲ್ಲಿ ಸುಮಾರು 3.3 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಇವರಿಗೆ ಅಕ್ಕಿಯಿಂದ 24.5, ಬೇಳೆಯಿಂದ 18, ಹಾಲಿನಿಂದ 10, ತರಕಾರಿ ಮತ್ತು ಹಣ್ಣಿನಿಂದ ಸುಮಾರು 6 ಗ್ರಾಂ, ಒಟ್ಟು ಹೆಚ್ಚುಕಡಿಮೆ 58 ಗ್ರಾಂ ಸಿಗುತ್ತದೆ. ಬೇಳೆಗಿಂತ ಅನ್ನವೇ ಹೆಚ್ಚು ಪ್ರೋಟೀನ್ ಕೊಡುತ್ತಿರುವುದು ಮೊದಲ ಬಾರಿಗೆ ಲೆಕ್ಕ ಹಾಕಿದವರಿಗೆಲ್ಲ ಅಚ್ಚರಿ ತರುತ್ತದೆ. ದೇಹತೂಕದ ಪ್ರತಿ ಕೆ.ಜಿ.ಗೆ ಲೆಕ್ಕ ಹಾಕಿದರೆ ಇದು 1.05 ಗ್ರಾಂ. ಹೆಚ್ಚು ಓಡಾಟವಿಲ್ಲದ ವಯಸ್ಕರಿಗೆ 0.8 ಗ್ರಾಂ ಸಾಕು. ಆದರೆ ಕ್ರೀಡಾಪಟುಗಳಿಗೆ ಕ್ರೀಡಾ ಪೋಷಣೆಯ ತಜ್ಞರು ಸಾಮಾನ್ಯವಾಗಿ ಹೇಳುವ ವ್ಯಾಪ್ತಿ 1.2ರಿಂದ 2 ಗ್ರಾಂ. ಸಸ್ಯಮೂಲದ ಪ್ರೋಟೀನ್ ಸ್ವಲ್ಪ ಕಡಿಮೆ ಜೀರ್ಣವಾಗುವುದರಿಂದ, ಇಷ್ಟು ದೂರ ಓಡುವ ಸಸ್ಯಾಹಾರಿಗಳಿಗೆ 1.6 ಗ್ರಾಮನ್ನು ಗುರಿಯಾಗಿ ಇಟ್ಟುಕೊಳ್ಳುವುದು ನನಗೆ ಸರಿ ಎನಿಸುತ್ತದೆ. ಹಾಗಾದರೆ ಬೇಕಾದದ್ದು 88 ಗ್ರಾಂ, ಕೊರತೆ 30 ಗ್ರಾಂ.

ಇಲ್ಲಿ ಒಂದು ಹಳೆಯ ಆತಂಕವನ್ನು ಬದಿಗಿಡಬಹುದು. ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಮೆಥಿಯೊನಿನ್ ಕಡಿಮೆ, ಆ ಕೊರತೆಯನ್ನು ಅಕ್ಕಿ ತುಂಬುತ್ತದೆ. ಇವೆರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದಿಲ್ಲ, ಒಂದೇ ದಿನದಲ್ಲಿ ತಿಂದರೆ ಸಾಕು. ಬೇಳೆಯ ಪಾಲು ತೀರಾ ಕುಗ್ಗದಿದ್ದರೆ ಈ ಜೋಡಿಯ ಗುಣಮಟ್ಟ ಚೆನ್ನಾಗಿಯೇ ಇರುತ್ತದೆ. ಕೊರತೆಯಾಗುವುದು ಒಟ್ಟು ಮೊತ್ತ.

ಮೊತ್ತ ಕಡಿಮೆಯಾಗಿರುವುದು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಬೇಳೆಯನ್ನು ನಾವು ಬಟ್ಟಲಿನಲ್ಲಿ ಎಣಿಸುತ್ತೇವೆ. ತೆಳ್ಳಗೆ ಬೇಯಿಸಿದ ಒಂದು ಬಟ್ಟಲಿನಲ್ಲಿ 20 ಗ್ರಾಂ ಒಣ ಬೇಳೆ, ಅಂದರೆ 5 ಗ್ರಾಂ ಪ್ರೋಟೀನ್ ಇರಬಹುದು. ಸೌಟು ನಿಲ್ಲುವಷ್ಟು ಗಟ್ಟಿಯಾಗಿ ಬೇಯಿಸಿದ ಅದೇ ಬಟ್ಟಲಿನಲ್ಲಿ 50 ಗ್ರಾಂ ಬೇಳೆ, ಅಂದರೆ 12 ಗ್ರಾಂ ಪ್ರೋಟೀನ್ ಇರುತ್ತದೆ. ಎರಡೂ ಒಂದೇ ಬಟ್ಟಲು, ಎರಡಕ್ಕೂ ಒಂದೇ ಹೆಸರು. ಆದ್ದರಿಂದ ಯಾವ ಆಯ್ಕೆಗೂ ಕೈಹಾಕುವ ಮೊದಲು ಮೂರು ದಿನ ಒಣ ಬೇಳೆಯನ್ನು ತೂಗಿ ಪಾತ್ರೆಗೆ ಹಾಕಿ, ತಿನ್ನುವವರು ಎಷ್ಟು ಮಂದಿಯೋ ಅಷ್ಟರಿಂದ ಭಾಗಿಸಿ. ಬರುವ ಅಂಕಿ ಬಹಳ ಸಲ ಅಂದಾಜಿಗಿಂತ ಕಡಿಮೆ ಇರುತ್ತದೆ.

30 ಗ್ರಾಂ ಪ್ರೋಟೀನಿಗೆ ನಾಲ್ಕು ದಾರಿಗಳು

ಮೊದಲ ದಾರಿ, ಅಕ್ಕಿಯ ಸ್ವಲ್ಪ ಭಾಗವನ್ನು ತೆಗೆದು ಅಷ್ಟೇ ತೂಕದ ಬೇಳೆಯನ್ನು ಹಾಕುವುದು. ಒಣ ತೂಕದಲ್ಲಿ ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಓಟಕ್ಕೆ ಬೇಕಾದ ಇಂಧನ ಕಡಿಮೆಯಾಗುವುದಿಲ್ಲ. ಹೀಗೆ ಬದಲಿಸಿದ ಪ್ರತಿ 100 ಗ್ರಾಮಿಗೆ 17 ಗ್ರಾಂ ಪ್ರೋಟೀನ್ ಲಾಭವಾಗುತ್ತದೆ. ಖರ್ಚು ಅಷ್ಟೇನೂ ಏರುವುದಿಲ್ಲ, ಅಡುಗೆಯ ಕ್ರಮ ಬದಲಾಗುವುದಿಲ್ಲ, ಜೊತೆಗೆ ಕಬ್ಬಿಣಾಂಶವೂ ಹೆಚ್ಚುತ್ತದೆ. ಹಾಗಾದರೆ ಇಡೀ ಕೊರತೆಯನ್ನು ಇದರಿಂದಲೇ ಏಕೆ ತುಂಬಬಾರದು? ಲೆಕ್ಕ ಹಾಕಿ ನೋಡಿದರೆ ದಿನಕ್ಕೆ ಸುಮಾರು 250 ಗ್ರಾಂ ಬೇಳೆ ಮತ್ತು 175 ಗ್ರಾಂ ಅಕ್ಕಿ ಬೇಕಾಗುತ್ತದೆ. ಬೆಂದ ಮೇಲೆ ಅಷ್ಟು ಬೇಳೆ 600 ಗ್ರಾಂ ದಾಟುತ್ತದೆ, ಅದರೊಂದಿಗೆ 25 ಗ್ರಾಂ ಅಥವಾ ಹೆಚ್ಚು ನಾರು ಬರುತ್ತದೆ. ತರಕಾರಿ ಮತ್ತು ಹಣ್ಣಿನ ನಾರು ಇದರ ಮೇಲೆ. ಕೆಲವರ ಹೊಟ್ಟೆ ಇದನ್ನು ತಡೆದುಕೊಳ್ಳುತ್ತದೆ; ಹೆಚ್ಚಿನವರಿಗೆ ಹೊಟ್ಟೆಯುಬ್ಬರ, ವಾಯು, ಉದ್ದ ಓಟದ ನಡುವೆ ಶೌಚಕ್ಕೆ ಓಡಬೇಕಾದ ಅವಸರ ತಪ್ಪುವುದಿಲ್ಲ. ಇನ್ನೊಂದು ಅಪಾಯವೂ ಇದೆ: ಹೊಟ್ಟೆ ಬೇಗ ತುಂಬಿಬಿಡುವುದರಿಂದ ಒಟ್ಟು ಆಹಾರವೇ ಕಡಿಮೆಯಾಗಬಹುದು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಬೇಳೆಯನ್ನು 150 ಗ್ರಾಮಿಗೆ ಏರಿಸಿ, ಅಕ್ಕಿಯನ್ನು 280ಕ್ಕೆ ಇಳಿಸಿ ನಿಲ್ಲಿಸುವುದು ಒಳ್ಳೆಯದು. ಇದರಿಂದ 13 ಗ್ರಾಂ ಸಿಗುತ್ತದೆ. ಇದನ್ನೂ ಒಂದೇ ದಿನದಲ್ಲಿ ಮಾಡದೆ, ವಾರಕ್ಕೆ 20-25 ಗ್ರಾಮಿನಂತೆ ಮೂರು ನಾಲ್ಕು ವಾರಗಳಲ್ಲಿ ಏರಿಸಿದರೆ ಕರುಳು ಹೊಂದಿಕೊಳ್ಳುತ್ತದೆ. ಉದ್ದ ಓಟದ ಹಿಂದಿನ ರಾತ್ರಿ ಮಾತ್ರ ಅನ್ನ ಹೆಚ್ಚಿರಲಿ, ಬೇಳೆ ಕಡಿಮೆ ಇರಲಿ, ಇದ್ದರೂ ಸಿಪ್ಪೆ ತೆಗೆದದ್ದಿರಲಿ. ಆ ದಿನದ ಬೇಳೆಯ ಪಾಲನ್ನು ಓಟ ಮುಗಿದ ಮೇಲಿನ ಊಟಕ್ಕೆ ವರ್ಗಾಯಿಸಬಹುದು.

ಎರಡನೆಯ ದಾರಿ ಹಾಲು, ಮೊಸರು ಮತ್ತು, ತಿನ್ನುವವರಾದರೆ, ಮೊಟ್ಟೆ. ಇವುಗಳ ಪ್ರೋಟೀನ್ ಸುಲಭವಾಗಿ ಜೀರ್ಣವಾಗುತ್ತದೆ, ನಾರು ಇಲ್ಲ, ಓಟ ಮುಗಿದು ಹಸಿವು ಸತ್ತಿರುವಾಗಲೂ ಒಂದು ಲೋಟ ಹಾಲು ಒಳಗೆ ಇಳಿಯುತ್ತದೆ. ಅರ್ಧ ಲೀಟರ್ ಹಾಲು 16 ಗ್ರಾಂ, ಎರಡು ಮೊಟ್ಟೆಗಳು 12 ಗ್ರಾಂ ಪ್ರೋಟೀನ್ ಕೊಡುತ್ತವೆ. ಸಸ್ಯಮೂಲದ ಆಹಾರದಲ್ಲಿ ಸಿಗದ ವಿಟಮಿನ್ ಬಿ12 ಕೂಡ ಇವುಗಳಿಂದ ಬರುತ್ತದೆ; ಅದರ ಕೊರತೆಯೂ ರಕ್ತಹೀನತೆ ಮತ್ತು ದಣಿವನ್ನು ತರುವುದರಿಂದ ಇದು ಮುಖ್ಯ. ಆದರೆ ಮೂರನೆಯ ಅಳತೆಗೋಲಿನಲ್ಲಿ ಈ ದಾರಿ ಸೋಲುತ್ತದೆ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಅದರ ಕ್ಯಾಲ್ಸಿಯಂ ಅದೇ ಊಟದಲ್ಲಿರುವ ಬೇಳೆಯ ಕಬ್ಬಿಣಾಂಶದ ಹೀರಿಕೆಯನ್ನು ತಗ್ಗಿಸುತ್ತದೆ. ಮೊಟ್ಟೆಯಲ್ಲಿ ಕಬ್ಬಿಣಾಂಶವಿದ್ದರೂ ದೇಹಕ್ಕೆ ದಕ್ಕುವುದು ಅತ್ಯಲ್ಪ. ಪ್ರೋಟೀನಿಗೆಂದು ಪ್ರತಿ ಊಟದ ಬೇಳೆಯ ಮೇಲೂ ಮೊಸರು ಸುರಿದುಕೊಳ್ಳುವವರು ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದುಕೊಂಡಂತೆ. ಹಾಲು-ಮೊಸರನ್ನು ಬಿಡಬೇಕಿಲ್ಲ, ಅದನ್ನು ಊಟಗಳ ನಡುವೆ ಅಥವಾ ಮಲಗುವ ಮೊದಲು ಇಟ್ಟುಕೊಂಡರೆ ಸಾಕು.

ಮೂರನೆಯದು ಸೋಯಾ. ಎಣ್ಣೆ ತೆಗೆದ ಒಣ ಸೋಯಾ ತುಂಡುಗಳಲ್ಲಿ ತೂಕದ ಅರ್ಧದಷ್ಟು ಪ್ರೋಟೀನ್ ಇದೆ. 20 ಗ್ರಾಂ ತುಂಡುಗಳಿಂದ 10 ಗ್ರಾಂ ಪ್ರೋಟೀನ್. ಬೇಳೆಗೆ ಹೋಲಿಸಿದರೆ ಜಾಗ ಅರ್ಧದಷ್ಟೇ ಸಾಕು, ಬೆಲೆಯ ಲೆಕ್ಕದಲ್ಲೂ ಪ್ರತಿ ಗ್ರಾಂ ಪ್ರೋಟೀನಿಗೆ ಅಗ್ಗದ ಆಯ್ಕೆಗಳಲ್ಲಿ ಇದೊಂದು, ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಲು ಒಗ್ಗದವರಿಗೆ ಇದು ಅತ್ಯಂತ ಸಮರ್ಪಕ. ಪ್ಯಾಕೆಟ್ಟಿನ ಮೇಲೆ ಕಬ್ಬಿಣಾಂಶದ ದೊಡ್ಡ ಅಂಕಿ ಕಂಡು ಹಿಗ್ಗಬಾರದು, ಏಕೆಂದರೆ ಸೋಯಾದಲ್ಲಿ ಫೈಟೇಟ್ ಕೂಡ ಹೆಚ್ಚು. ಅದು ಏನು ಮಾಡುತ್ತದೆ ಎಂಬುದನ್ನು ಮುಂದೆ ನೋಡೋಣ. ಟೋಫು ಇದಕ್ಕಿಂತ ಮೃದು, ಜೀರ್ಣಕ್ಕೆ ಸುಲಭ. ಆದರೆ ಅದರ ಪ್ರೋಟೀನ್ ಪ್ರಮಾಣ ನೀರಿನಂಶಕ್ಕೆ ತಕ್ಕಂತೆ ಬಹಳ ಬದಲಾಗುತ್ತದೆ, ಲೇಬಲ್ ಓದದೆ ಲೆಕ್ಕ ಹಾಕುವಂತಿಲ್ಲ.

ನಾಲ್ಕನೆಯದು ಪುಡಿ. ಹಾಲಿನ ವೇ ಪ್ರೋಟೀನ್ ಆಗಲಿ ಬಟಾಣಿಯದಾಗಲಿ, ಒಂದು ಅಳತೆಗೆ 20ರಿಂದ 25 ಗ್ರಾಂ ಸಿಗುತ್ತದೆ. ಹೊಟ್ಟೆಯಲ್ಲಿ ಜಾಗವೇ ಬೇಡ, ಅಡುಗೆಯೂ ಬೇಡ. ನಸುಕಿನಲ್ಲಿ ಓಡಿ, ಸ್ನಾನ ಮಾಡಿ ನೇರವಾಗಿ ಕೆಲಸಕ್ಕೆ ಹೊರಡುವವರಿಗೆ ಇದು ನಿಜಕ್ಕೂ ಉಪಕಾರಿ. ಆದರೆ ಬೇಳೆ ಮತ್ತು ಸೋಯಾಕ್ಕಿಂತ ದುಬಾರಿ. ಕಬ್ಬಿಣಾಂಶದ ಪ್ರಶ್ನೆಗೆ ಇದು ಉತ್ತರವಾಗುವುದಿಲ್ಲ. ಉದ್ದೀಪನ ಮದ್ದಿನ ಪರೀಕ್ಷೆಗೆ ಒಳಪಡುವ ಸ್ಪರ್ಧಿಗಳು ಸ್ವತಂತ್ರ ಸಂಸ್ಥೆಯಿಂದ ಪ್ರತಿ ಬ್ಯಾಚ್ ಪರೀಕ್ಷೆಯಾದ ಪುಡಿಯನ್ನು ಮಾತ್ರ ಕೊಳ್ಳಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಪುಡಿಯಷ್ಟೇ ಅಲ್ಲ, ಯಾವ ರೀತಿಯಲ್ಲಿ ಪ್ರೋಟೀನ್ ಹೆಚ್ಚಿಸುವುದಿದ್ದರೂ ಮೊದಲು ವೈದ್ಯರನ್ನು ಕೇಳಬೇಕು.

ನಮ್ಮ ಮಾದರಿಯ ಓಟಗಾರ್ತಿಗೆ ಹಾಲು ಒಗ್ಗುತ್ತದೆ, ಮನೆಯಲ್ಲಿ ಅಡುಗೆ ಮಾಡುವ ಸಮಯವಿದೆ ಎಂದಾದರೆ, ಬೇಳೆಯ ಬದಲಾವಣೆಯಿಂದ 13, ದಿನದಲ್ಲಿ ಇನ್ನೊಂದು ದೊಡ್ಡ ಲೋಟ ಅಂದರೆ 250 ಮಿಲಿ ಹಾಲಿನಿಂದ 8, ಮತ್ತು 20 ಗ್ರಾಂ ಸೋಯಾ ತುಂಡುಗಳಿಂದ 10 ಗ್ರಾಂ ಸೇರಿ 31 ಗ್ರಾಂ ಆಗುತ್ತದೆ. ಪುಡಿಯ ಅಗತ್ಯ ಬೀಳಲಿಲ್ಲ. ಹಾಲು ಬೇಡವೆನ್ನುವವರು ಸೋಯಾವನ್ನು 35-40 ಗ್ರಾಮಿಗೆ ಏರಿಸಿದರೆ ಅದೇ ಮೊತ್ತ ಬರುತ್ತದೆ. ಸಮಯವೇ ಇಲ್ಲದವರು ಬೇಳೆಯ ಬದಲಾವಣೆಯನ್ನು ಉಳಿಸಿಕೊಂಡು ಉಳಿದದ್ದಕ್ಕೆ ಒಂದು ಅಳತೆ ಪುಡಿ ಬಳಸಬಹುದು. ಯಾವುದೇ ಆದರೂ ಇಡೀ ಮೊತ್ತವನ್ನು ರಾತ್ರಿಯ ಒಂದೇ ಊಟಕ್ಕೆ ತುರುಕದೆ, ನಾಲ್ಕು ಹೊತ್ತಿಗೆ 20-22 ಗ್ರಾಮಿನಂತೆ ಹಂಚಿದರೆ ಸ್ನಾಯುಗಳಿಗೆ ಚೆನ್ನಾಗಿ ಒದಗುತ್ತದೆ. ಹೆಚ್ಚಿನವರಲ್ಲಿ ಸೊರಗಿರುವುದು ಬೆಳಗಿನ ತಿಂಡಿ.

ಕಬ್ಬಿಣಾಂಶ: ಕಾಗದದ ಮೇಲಿನದು ಬೇರೆ, ರಕ್ತಕ್ಕೆ ಸೇರುವುದು ಬೇರೆ

ಓಟಗಾರರು ಕಬ್ಬಿಣಾಂಶವನ್ನು ಹಲವು ದಾರಿಗಳಲ್ಲಿ ಕಳೆದುಕೊಳ್ಳುತ್ತಾರೆ. ಪಾದ ನೆಲಕ್ಕೆ ಬಡಿಯುವಾಗ ಕೆಲವು ಕೆಂಪು ರಕ್ತಕಣಗಳು ಒಡೆಯುತ್ತವೆ, ಉದ್ದ ಓಟದಲ್ಲಿ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತದೆ, ಬೆವರಿನಲ್ಲೂ ಅಲ್ಪಸ್ವಲ್ಪ ಹೋಗುತ್ತದೆ. ನೋವು ನಿವಾರಕ ಮಾತ್ರೆ ನುಂಗಿ ಓಡುವ ಅಭ್ಯಾಸವಿದ್ದರೆ ಕರುಳಿನ ಸ್ರಾವ ಹೆಚ್ಚುತ್ತದೆ. ಇವುಗಳ ಜೊತೆಗೆ ಮುಟ್ಟಿನ ರಕ್ತಸ್ರಾವ ಸೇರಿದಾಗ ಮಹಿಳೆಯರ ಸ್ಥಿತಿ ಬಹಳ ಬೇಗ ಬಿಗಡಾಯಿಸುತ್ತದೆ.

ಬೇಳೆಯ ಪ್ರತಿ 100 ಗ್ರಾಮಿನಲ್ಲಿ ಸುಮಾರು 7 ಮಿಲಿಗ್ರಾಂ ಕಬ್ಬಿಣಾಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ. ಬೇಳೆಯನ್ನು 150 ಗ್ರಾಮಿಗೆ ಏರಿಸಿದ ನಮ್ಮ ಓಟಗಾರ್ತಿಯ ತಟ್ಟೆಯಲ್ಲಿ ಈಗ ಬೇಳೆಯಿಂದ ಹತ್ತೂವರೆ, ಅಕ್ಕಿಯಿಂದ ಎರಡು, ಸೊಪ್ಪು-ಹಣ್ಣು-ಸೋಯಾದಿಂದ ನಾಲ್ಕು ಸೇರಿ ಸುಮಾರು 16 ಮಿಲಿಗ್ರಾಂ ಇದೆ ಎನ್ನೋಣ. ಮುಟ್ಟಾಗುವ ಮಹಿಳೆಯ ದೇಹಕ್ಕೆ ದಿನಕ್ಕೆ ಸೇರಬೇಕಾದ ಕಬ್ಬಿಣಾಂಶ ಸುಮಾರು ಒಂದೂವರೆ ಮಿಲಿಗ್ರಾಂ. ಸ್ರಾವ ಹೆಚ್ಚಿರುವವರಿಗೆ ಇನ್ನೂ ಹೆಚ್ಚು. ಗಂಡಸರಿಗೆ ಒಂದು ಮಿಲಿಗ್ರಾಂ ಸಾಕು. ಸಸ್ಯಮೂಲದ ಕಬ್ಬಿಣಾಂಶದ ಹೀರಿಕೆ ಊಟದ ಸಂಯೋಜನೆಗೆ ತಕ್ಕಂತೆ ಬಹಳ ಏರಿಳಿಯುತ್ತದೆ. ಶೇಕಡಾ 5 ದಕ್ಕಿದರೆ 16ರಲ್ಲಿ ಸಿಗುವುದು 0.8 ಮಿಲಿಗ್ರಾಂ, ಶೇಕಡಾ 10 ದಕ್ಕಿದರೆ 1.6. ಅದೇ ತಟ್ಟೆ, ಅದೇ ಬೇಳೆ. ಒಂದು ಸ್ಥಿತಿಯಲ್ಲಿ ಸಂಗ್ರಹ ನಿಧಾನವಾಗಿ ಬರಿದಾಗುತ್ತದೆ, ಇನ್ನೊಂದರಲ್ಲಿ ಹೇಗೋ ಸರಿದೂಗುತ್ತದೆ. ಇಲ್ಲಿ ಬೇಳೆಯನ್ನು ಇನ್ನಷ್ಟು ಹೆಚ್ಚಿಸುವುದಕ್ಕಿಂತ ಶೇಕಡಾವಾರನ್ನು ಹೆಚ್ಚಿಸುವುದೇ ಲಾಭ.

ಮೊದಲ ಆಯ್ಕೆ: ಊಟವನ್ನು ಜೋಡಿಸುವ ಕ್ರಮ

ಬೇಳೆ-ಕಾಳುಗಳಲ್ಲಿರುವ ಫೈಟೇಟ್ ಕಬ್ಬಿಣಾಂಶವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಇಡೀ ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ, ಅಥವಾ ಹಿಟ್ಟನ್ನು ಹುದುಗಿಸಿದರೆ ಫೈಟೇಟ್ ಒಡೆಯುತ್ತದೆ. ಒಡೆದ ಬೇಳೆ ಮೊಳಕೆಯೊಡೆಯುವುದಿಲ್ಲವಾದರೂ ರಾತ್ರಿ ನೆನೆಸಿ ನೀರು ಚೆಲ್ಲಿ ಬೇಯಿಸುವುದರಿಂದ ಅಷ್ಟಿಷ್ಟು ಅನುಕೂಲವಿದೆ.

ಇದಕ್ಕಿಂತ ಬಲವಾದ ಸಾಧನ ವಿಟಮಿನ್ ಸಿ. ಒಂದೇ ಊಟದ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಅದು ಹೀರಿಕೆಯನ್ನು ಎರಡು ಮೂರು ಪಟ್ಟು ಏರಿಸಿದ್ದುಂಟು. ವಾರಗಟ್ಟಲೆಯ ಮಿಶ್ರ ಆಹಾರದಲ್ಲಿ ಪರಿಣಾಮ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ, ಆದರೂ ಇಷ್ಟು ಕಡಿಮೆ ಖರ್ಚಿನ ಉಪಾಯ ಬೇರೊಂದಿಲ್ಲ. ಪ್ರಮಾಣವನ್ನು ಮಾತ್ರ ಗಮನಿಸಬೇಕು. ಊಟಕ್ಕೆ 50 ಮಿಲಿಗ್ರಾಂ ಅಥವಾ ಹೆಚ್ಚು ಇದ್ದರೆ ಒಳ್ಳೆಯದು, ಆದರೆ ಅರ್ಧ ಲಿಂಬೆಯ ರಸದಲ್ಲಿ ಇರುವುದು ಹತ್ತು ಮಿಲಿಗ್ರಾಂ ಆಸುಪಾಸು. ಲಿಂಬೆ ಹಿಂಡಿದ್ದೇನೆಂದು ಸಮಾಧಾನ ಪಟ್ಟುಕೊಳ್ಳುವವರು ಬಹಳ. ಅದರ ಬದಲು ಒಂದು ಕಿತ್ತಳೆ, ಅರ್ಧ ಸೀಬೆಹಣ್ಣು, ಅಥವಾ ಹಸಿಯಾಗಿ ಹೆಚ್ಚಿದ ಅರ್ಧ ದೊಣ್ಣೆಮೆಣಸಿನಕಾಯಿ ಇದ್ದರೆ ಆ ಮೊತ್ತ ಸುಲಭವಾಗಿ ಬರುತ್ತದೆ. ವಿಟಮಿನ್ ಸಿ ಶಾಖಕ್ಕೆ ನಾಶವಾಗುತ್ತದೆ, ಆದ್ದರಿಂದ ಹುಳಿಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಹಣ್ಣನ್ನು ಊಟದ ಜೊತೆಗೇ ತಿನ್ನಬೇಕು. ಎರಡು ಗಂಟೆ ಬಿಟ್ಟು ತಿಂದರೆ ಬೇಳೆಗೆ ಅದರ ನೆರವು ಸಿಗುವುದಿಲ್ಲ.

ಚಹಾ ಮತ್ತು ಕಾಫಿ ಇದಕ್ಕೆ ತದ್ವಿರುದ್ಧ. ಊಟದ ಜೊತೆ ಕುಡಿದ ಕಡು ಚಹಾ ಹೀರಿಕೆಯನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಬಲ್ಲದು. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ಎರಡು ಗಂಟೆ ಅಂತರವಿರಲಿ. ಈ ಇಡೀ ಬರಹದಲ್ಲಿ ಒಂದೇ ಒಂದು ಬದಲಾವಣೆಯನ್ನು ಮಾಡಬಯಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹುಳಿ ಪದಾರ್ಥವನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸುವುದರಿಂದಲೂ ಕಬ್ಬಿಣಾಂಶ ಸ್ವಲ್ಪ ಸೇರುತ್ತದೆ. ಆದರೆ ಅದು ಬಾಣಲೆ, ಹುಳಿ ಮತ್ತು ಬೇಯುವ ಸಮಯದ ಮೇಲೆ ಎಷ್ಟು ಅವಲಂಬಿತವೆಂದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಲಾಭವೆಂದು ತಿಳಿಯಬಹುದು ಅಷ್ಟೆ.

ಓಟದ ವೇಳಾಪಟ್ಟಿಗೂ ಇದಕ್ಕೂ ನಂಟಿದೆ. ಕಠಿಣ ಅಥವಾ ಉದ್ದ ಓಟದ ನಂತರ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುಗಡೆ ಮಾಡುತ್ತದೆ. ಓಟ ಮುಗಿದ ಮೂರರಿಂದ ಆರು ಗಂಟೆಗಳ ನಡುವೆ ಅದು ಉಚ್ಛ್ರಾಯಕ್ಕೇರಿ ಕರುಳಿನ ಬಾಗಿಲನ್ನು ಕಬ್ಬಿಣಾಂಶಕ್ಕೆ ಮುಚ್ಚುತ್ತದೆ. ಬೆಳಿಗ್ಗೆ ಆರಕ್ಕೆ ಓಡಿ ಎಂಟಕ್ಕೆ ಮುಗಿಸಿದವರಿಗೆ ಮಧ್ಯಾಹ್ನದ ಊಟ ಈ ಮುಚ್ಚಿದ ಅವಧಿಯಲ್ಲೇ ಬೀಳುತ್ತದೆ. ಆದ್ದರಿಂದ ಓಟ ಮುಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗಿನ ತಿಂಡಿಗೇ ಮೊಳಕೆ ಕಾಳು ಅಥವಾ ಗಟ್ಟಿ ಬೇಳೆ ಮತ್ತು ಹಣ್ಣನ್ನು ಇಡುವುದು, ಹಾಲಿನ ಲೋಟವನ್ನು ಮಧ್ಯಾಹ್ನದ ಕಡೆಗೆ ಸರಿಸುವುದು ಜಾಣತನ. ಹೀಗೆ ಮಾಡಿದರೆ ಹೀರಿಕೆಗೆ ಅಡ್ಡಿಯಾಗುವ ಕ್ಯಾಲ್ಸಿಯಂ, ಹೇಗಿದ್ದರೂ ಹೀರಿಕೆ ಕಡಿಮೆ ಇರುವ ಹೊತ್ತಿಗೆ ಬೀಳುತ್ತದೆ.

ಎರಡನೆಯ ಆಯ್ಕೆ: ಆಗೊಮ್ಮೆ ಈಗೊಮ್ಮೆ ಮೀನು ಅಥವಾ ಮಾಂಸ

ಬಹುಪಾಲು ಸಸ್ಯಾಹಾರಿಗಳಾಗಿದ್ದು ಇವನ್ನು ಪೂರ್ತಿ ಬಿಡದವರಿಗೆ ಮಾತ್ರ ಇದು ಸಂಬಂಧಿಸಿದ್ದು. ಮಾಂಸದ ಹೀಮ್ ಕಬ್ಬಿಣಾಂಶ ಸಸ್ಯಮೂಲದ್ದಕ್ಕಿಂತ ಬಹಳ ಚೆನ್ನಾಗಿ ಹೀರಲ್ಪಡುತ್ತದೆ, ಫೈಟೇಟ್ ಮತ್ತು ಚಹಾಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಜೊತೆಗೆ ಅದೇ ಊಟದ ಬೇಳೆಯ ಕಬ್ಬಿಣಾಂಶದ ಹೀರಿಕೆಯನ್ನೂ ಏರಿಸುತ್ತದೆ. ಹಾಗಾಗಿ ತಿನ್ನುವುದಾದರೆ ಅದನ್ನು ಬೇರೆಯಾಗಿ ತಿನ್ನದೆ ಬೇಳೆಯ ಊಟದ ಜೊತೆಗೇ ತಿನ್ನುವುದು ಮೇಲು. ಆದರೆ ವಾರಕ್ಕೊಮ್ಮೆ ಒಂದು ತುಂಡು ಮೀನು ತಿನ್ನುವುದರಿಂದ ಉಳಿದ ಆರು ದಿನಗಳ ಕೊರತೆ ತುಂಬುವುದಿಲ್ಲ. ಇದು ಜೋಡಣೆಯ ಕ್ರಮಕ್ಕೆ ಪೂರಕವಾಗಬಲ್ಲದು, ಅದರ ಬದಲಿಯಾಗಲಾರದು.

ಮೂರನೆಯ ಆಯ್ಕೆ: ಮಾತ್ರೆ

ಮಾತ್ರೆಯ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟು: ರಕ್ತಪರೀಕ್ಷೆ ಇಲ್ಲದೆ ಬೇಡ. ದೇಹಕ್ಕೆ ಹೆಚ್ಚಾದ ಕಬ್ಬಿಣಾಂಶವನ್ನು ಹೊರಹಾಕುವ ದಾರಿ ಇಲ್ಲ, ಅದನ್ನು ಅತಿಯಾಗಿ ಶೇಖರಿಸುವ ಆನುವಂಶಿಕ ಸ್ಥಿತಿಯೂ ಕೆಲವರಲ್ಲಿದೆ, ಮುಟ್ಟಿನ ನಷ್ಟವಿಲ್ಲದ ಗಂಡಸರಲ್ಲಿ ಅದು ಬೇಗ ಹಾನಿ ಮಾಡುತ್ತದೆ. ಕೇಳಬೇಕಾದ ಪರೀಕ್ಷೆಗಳು ಹಿಮೋಗ್ಲೋಬಿನ್ ಮತ್ತು ಫೆರಿಟಿನ್, ಎರಡೂ. ಬರೀ ಹಿಮೋಗ್ಲೋಬಿನ್ ನೋಡಿದರೆ ಎರಡು ರೀತಿಯಲ್ಲಿ ಮೋಸ ಹೋಗಬಹುದು. ಸಂಗ್ರಹ ಬರಿದಾಗುತ್ತಾ ಬಂದರೂ ಹಿಮೋಗ್ಲೋಬಿನ್ ಬಹಳ ಕಾಲ ಸರಿಯಾಗಿಯೇ ಕಾಣುತ್ತದೆ. ಇನ್ನೊಂದೆಡೆ, ತರಬೇತಿಯಿಂದ ರಕ್ತದ ದ್ರವಾಂಶ ಹೆಚ್ಚಿ, ನಿಜವಾದ ಕೊರತೆ ಇಲ್ಲದೆಯೂ ಹಿಮೋಗ್ಲೋಬಿನ್ ಸ್ವಲ್ಪ ಇಳಿದಂತೆ ತೋರಬಹುದು. ಫೆರಿಟಿನ್ ಸಂಗ್ರಹದ ಸೂಚಕ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಮಿಗಿಂತ ಕಡಿಮೆಯಾದರೆ ಕೊರತೆ ಎನ್ನುತ್ತದೆ. ಕ್ರೀಡಾವೈದ್ಯರು ಬಹಳಷ್ಟು ಮಂದಿ 30-35ರ ಕೆಳಗೆ ಇಳಿದಾಗಲೇ ಎಚ್ಚರಗೊಳ್ಳುತ್ತಾರೆ. ಸೋಂಕು, ಜ್ವರ ಅಥವಾ ಕಠಿಣ ಓಟದ ಮರುದಿನ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ. ಆದ್ದರಿಂದ ಎರಡು ದಿನ ಕಠಿಣ ಓಟವಿಲ್ಲದೆ, ಕಾಯಿಲೆ ಇಲ್ಲದಿರುವಾಗ, ಬೆಳಿಗ್ಗೆ ರಕ್ತ ಕೊಡಬೇಕು. ಮುಂದಿನ ಸಲವೂ ಅದೇ ಸ್ಥಿತಿಯಲ್ಲಿ ಕೊಟ್ಟರೆ ಮಾತ್ರ ಎರಡು ಅಂಕಿಗಳನ್ನು ಹೋಲಿಸಬಹುದು.

ಕೊರತೆ ಖಚಿತವಾಗಿ, ವೈದ್ಯರು ಮಾತ್ರೆ ಬರೆದರೆ, ಲೇಬಲ್ಲಿನಲ್ಲಿ ಲವಣದ ತೂಕವನ್ನೂ ಅದರೊಳಗಿನ ನಿಜವಾದ ಕಬ್ಬಿಣಾಂಶವನ್ನೂ ಬೇರೆ ಬೇರೆಯಾಗಿ ಓದಿಕೊಳ್ಳಿ. 325 ಮಿಲಿಗ್ರಾಂ ಫೆರಸ್ ಸಲ್ಫೇಟ್ ಮಾತ್ರೆಯಲ್ಲಿ ಇರುವ ಕಬ್ಬಿಣಾಂಶ ಸುಮಾರು 65 ಮಿಲಿಗ್ರಾಂ. ಒಂದು ದಿನದ ಮಾತ್ರೆಯಿಂದಲೂ ಹೆಪ್ಸಿಡಿನ್ ಏರುವುದರಿಂದ, ಸಂಗ್ರಹ ಕಡಿಮೆ ಇರುವ ಮಹಿಳೆಯರಲ್ಲಿ ದಿನ ಬಿಟ್ಟು ದಿನ ತೆಗೆದುಕೊಂಡಾಗ ಪ್ರತಿ ಮಾತ್ರೆಯ ಹೀರಿಕೆ ಹೆಚ್ಚಿರುವುದು ಕಂಡುಬಂದಿದೆ. ಹೊಟ್ಟೆ ತೊಳಸುವಿಕೆ, ಮಲಬದ್ಧತೆಯೂ ಈ ಕ್ರಮದಲ್ಲಿ ಕಡಿಮೆಯಾಗಬಹುದು. ನಿಮಗೆ ಇದು ಒಗ್ಗುವುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಮಾತ್ರೆಯನ್ನು ಬೆಳಿಗ್ಗೆ ಓಟಕ್ಕೆ ಮೊದಲು ಅಥವಾ ಮುಗಿದ ಕೂಡಲೇ, ವಿಟಮಿನ್ ಸಿ ಇರುವ ಹಣ್ಣಿನ ಜೊತೆ ತೆಗೆದುಕೊಳ್ಳುವುದು ಒಳ್ಳೆಯದು. ಹಾಲು, ಚಹಾ, ಕಾಫಿಯ ಜೊತೆ ಬೇಡ. ಥೈರಾಯ್ಡ್ ಮಾತ್ರೆ ನುಂಗುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಮಲ ಕಪ್ಪಾಗುವುದು ಸಾಮಾನ್ಯ, ಗಾಬರಿ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರೆಯನ್ನು ಬೀಗದೊಳಗೆ ಇಡಿ, ಮಕ್ಕಳಿಗೆ ಇದು ಪ್ರಾಣಾಂತಿಕ ವಿಷ.

ಯಾರು ಯಾವುದನ್ನು ಆರಿಸಬೇಕು

ಮುಟ್ಟಾಗುವ ಮಹಿಳೆ, ವಾರಕ್ಕೆ 80 ಕಿಲೋಮೀಟರಿಗಿಂತ ಹೆಚ್ಚು ಓಡುವವರು, ಫೆರಿಟಿನ್ 35ಕ್ಕಿಂತ ಮೇಲಿದ್ದರೆ: ಊಟದ ಜೋಡಣೆ ಸಾಕು, ಆದರೆ ವರ್ಷಕ್ಕೆ ಎರಡು ಸಲ ಪರೀಕ್ಷೆ ಬೇಕು. 35ರ ಕೆಳಗಿದ್ದು ಹಿಮೋಗ್ಲೋಬಿನ್ ಸರಿಯಿದ್ದರೆ ವೈದ್ಯರೊಂದಿಗೆ ಮಾತನಾಡಿ ಮಾತ್ರೆಯ ಬಗ್ಗೆ ನಿರ್ಧರಿಸಬೇಕು. ಬರೀ ಬೇಳೆ-ಹಣ್ಣುಗಳಿಂದ ಬರಿದಾದ ಸಂಗ್ರಹವನ್ನು ತುಂಬುವುದಕ್ಕೆ ಬಹಳ ತಿಂಗಳುಗಳು ಹಿಡಿಯುತ್ತವೆ, ಓಟದ ನಷ್ಟ ಅಷ್ಟರಲ್ಲಿ ಮುಂದುವರಿಯುತ್ತಲೇ ಇರುತ್ತದೆ. ಹಿಮೋಗ್ಲೋಬಿನ್ ಮಹಿಳೆಯರಲ್ಲಿ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕೆಳಗಿದ್ದರೆ ಓಟದ ಪ್ರಮಾಣವನ್ನು ಇಳಿಸಿ ಕಾರಣ ಹುಡುಕಲೇಬೇಕು. ಗಂಡಸರಲ್ಲಿ ಫೆರಿಟಿನ್ ಕಡಿಮೆ ಬಂದರೆ ಅದನ್ನು ಸಸ್ಯಾಹಾರದ ತಲೆಗೆ ಕಟ್ಟಿ ಸುಮ್ಮನಾಗಬಾರದು. ಹೊಟ್ಟೆ ಅಥವಾ ಕರುಳಿನಲ್ಲಿ ರಕ್ತಸ್ರಾವವಿದೆಯೇ ಎಂದು ನೋಡಬೇಕಾಗುತ್ತದೆ.

ಎರಡು ಕೊರತೆಗಳು ಓಟದಲ್ಲಿ ತೋರುವ ರೀತಿಯೂ ಬೇರೆ. ಪ್ರೋಟೀನ್ ಅಥವಾ ಒಟ್ಟು ಆಹಾರ ಸಾಲದಿದ್ದಾಗ ಸ್ನಾಯುಗಳ ನೋವು ಮೂರು ನಾಲ್ಕು ದಿನವಾದರೂ ಇಳಿಯುವುದಿಲ್ಲ, ತೂಕ ಕರಗುತ್ತದೆ, ಸಣ್ಣ ಗಾಯಗಳು ಮತ್ತೆ ಮತ್ತೆ ಕಾಡುತ್ತವೆ. ಕಬ್ಬಿಣಾಂಶ ಸಾಲದಿದ್ದಾಗ ಕಾಲು ಸರಿಯಿದ್ದರೂ ಉಸಿರು ಸಾಲುವುದಿಲ್ಲ: ಯಾವಾಗಲೂ ಮಾತನಾಡುತ್ತಾ ಓಡುತ್ತಿದ್ದ ವೇಗದಲ್ಲಿ ಎದೆಬಡಿತ ಏರಿರುತ್ತದೆ, ಸಣ್ಣ ಏರಿನಲ್ಲೂ ಏದುಸಿರು ಬರುತ್ತದೆ, ಕೆಲವರಿಗೆ ಐಸ್ ಅಗಿಯುವ ವಿಚಿತ್ರ ಆಸೆ ಹುಟ್ಟುತ್ತದೆ. ಮೊದಲ ಬಗೆಯ ಲಕ್ಷಣಗಳಿದ್ದರೆ ತಕ್ಕಡಿ ಹಿಡಿದು ಬೇಳೆಯಿಂದ ಲೆಕ್ಕ ಶುರು ಮಾಡಿ; ಎರಡನೆಯ ಬಗೆಯಿದ್ದರೆ ಅಡುಗೆಮನೆಗಿಂತ ಮೊದಲು ಪ್ರಯೋಗಾಲಯಕ್ಕೆ ಹೋಗಿ. ಜೋಡಣೆಯನ್ನಾಗಲಿ ಮಾತ್ರೆಯನ್ನಾಗಲಿ ಆರಂಭಿಸಿದ ದಿನವನ್ನು ಓಟದ ದಿನಚರಿಯಲ್ಲಿ ಬರೆದಿಟ್ಟು, ಎಂಟರಿಂದ ಹನ್ನೆರಡು ವಾರಗಳ ನಂತರ ಅದೇ ಪರೀಕ್ಷೆಯನ್ನು ಅದೇ ಸ್ಥಿತಿಯಲ್ಲಿ ಮತ್ತೆ ಮಾಡಿಸಿ. ಅಂಕಿ ಏರಿರದಿದ್ದರೆ ಪ್ರಮಾಣವನ್ನು ನೀವಾಗಿಯೇ ಹೆಚ್ಚಿಸದೆ, ಆ ದಿನಚರಿಯನ್ನೂ ಎರಡೂ ವರದಿಗಳನ್ನೂ ವೈದ್ಯರ ಮುಂದೆ ಇಡಿ.